ಚಿಕ್ಕ ಗೇರಿನ ಮೇವು

ಹಸುಗಳು ಮಲಗಿದ್ದವು. ಒಂದೆರಡು ಮಾತ್ರ ಬಾಯಾಡಿಸುತ್ತಿದ್ದವು; ಉಳಿದವು ಎದುರಿನ ಗೋಡೆಯನ್ನು ನೋಡುತ್ತ ಸುಮ್ಮನಿದ್ದವು. ಮೇವು ತಿಂದು ಮಲಗಿದ ಹೊತ್ತಿನಲ್ಲಿ ಕೊಟ್ಟಿಗೆಗೆ ಕಾಲಿಟ್ಟರೆ ಮೊದಲು ಕೇಳಬೇಕಾದದ್ದು ಮೆಲುಕಿನ ಸದ್ದು. ಅದು ಇರಲಿಲ್ಲ. ನೊಣ ಓಡಿಸುವ ಬಾಲಗಳ ಸದ್ದಿತ್ತು, ನಲ್ಲಿಯಿಂದ ನೀರು ತೊಟ್ಟಿಕ್ಕುವ ಸದ್ದಿತ್ತು.

ಅವಳು ಗೋದಲೆಯ ಪಕ್ಕ ಬಗ್ಗಿ ಬುಟ್ಟಿಯಿಂದ ಒಂದು ಹಿಡಿ ಮೇವು ತೆಗೆದುಕೊಂಡಳು. ಹಸಿ ಜೋಳದ ಕಡ್ಡಿ, ಬೆಳಿಗ್ಗೆ ಕತ್ತರಿಸಿದ್ದು. ಅಂಗೈ ಮೇಲೆ ಹರಡಿ ನೋಡಿದಳು. ತುಂಡುಗಳು ಅವಳ ಕಿರುಬೆರಳಿನ ಉಗುರಿಗಿಂತ ಚಿಕ್ಕವಾಗಿದ್ದವು. ಅರ್ಧಕ್ಕರ್ಧ ಪುಡಿ. ಹಸುಗಳು ಅದನ್ನು ಅಗಿಯುವ ಗೋಜಿಗೇ ಹೋಗದೆ ನುಂಗಿದ್ದಿರಬೇಕು. ಸಗಣಿಯೂ ಮೂರ್ನಾಲ್ಕು ವಾರದಿಂದ ನೀರುನೀರಾಗಿತ್ತು. ಹಿಂಡಿ ಹೆಚ್ಚಾಯಿತೇನೋ ಎಂದುಕೊಂಡು ಅದನ್ನು ಕಡಿಮೆ ಮಾಡಿ ನೋಡಿದ್ದಳು, ಏನೂ ಬದಲಾಗಿರಲಿಲ್ಲ.

ಅವಳ ಗಂಡ ಹೊರಗೆ ತಗಡಿನ ಚಪ್ಪರದ ಕೆಳಗೆ ಮೇವು ಕತ್ತರಿಸುವ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದ. ಮದುವೆಯಾದಾಗಿನಿಂದ ಹಾಲು ಕರೆಯುವ ಕೆಲಸ ಅವಳದು, ಮೆಷಿನ್ನು ಅವನದು. ಮೊದಲು ಕೈಯಿಂದ ತಿರುಗಿಸುವ ಚಕ್ರವಿತ್ತು, ಆಮೇಲೆ ಮೋಟಾರು ಬಂತು. ಯಾವ ಕಾಲಕ್ಕೂ ಅದರ ಬಾಯಿಗೆ ಮೇವು ಕೊಡಲು ಅವನು ಇನ್ನೊಬ್ಬರನ್ನು ಬಿಟ್ಟವನಲ್ಲ. ತುಂಬುತೋಳಿನ ಅಂಗಿ ಹಾಕಿ ಚಪ್ಪರದೊಳಕ್ಕೆ ಬಂದವರನ್ನು ತಿರುಗಿಸಿ ಕಳಿಸುತ್ತಿದ್ದ. ಅವಳ ಬಳೆಗಳ ವಿಷಯದಲ್ಲಿ ಮೊದಲ ವರ್ಷವೇ ದೊಡ್ಡ ಜಗಳವಾಗಿತ್ತು. ಬಳೆ ಸೋತಿದ್ದವು.

"ಏನ್ರೀ, ತುಂಡು ಇಷ್ಟು ಸಣ್ಣ ಯಾಕೆ ಮಾಡ್ತಿದ್ದೀರಿ?"

"ಮುದುಕಿಗೆ ಹಲ್ಲಿಲ್ಲ ಕಣೇ. ಉದ್ದ ಕಡ್ಡಿ ಹಾಕಿದ್ರೆ ಬಾಯಲ್ಲಿಟ್ಕೊಂಡು ಉಗುಳ್ತಾಳೆ."

ಮುದುಕಿ ಎಂದರೆ ಕೊಟ್ಟಿಗೆಯ ಮೂಲೆಯ ಹಳೆಯ ಹಸು.

"ಮುದುಕಿ ಒಬ್ಬಳಿಗೋಸ್ಕರ ಊರಿಗೆಲ್ಲ ಗಂಜಿನಾ? ಬೇರೆಯವಕ್ಕೆ ಹಲ್ಲು ಗಟ್ಟಿಯಾಗೇ ಇದಾವಲ್ಲ."

"ಸಣ್ಣಗಿದ್ರೆ ವೇಸ್ಟ್ ಆಗಲ್ಲ. ಗೋದಲೆ ನೋಡು, ಒಂದು ಕಡ್ಡಿ ಉಳಿದಿದ್ಯಾ?"

ಉಳಿದಿರಲಿಲ್ಲ, ಅದು ನಿಜ. ಮೇವು ತೀರಾ ಉದ್ದವಾದರೆ ಹಸುಗಳು ಎಲೆ ಆರಿಸಿ ತಿಂದು ದಂಟು ಬಿಡುತ್ತವೆ. ಆದರೆ ಅವರ ಮನೆಯಲ್ಲಿ ಇಷ್ಟು ವರ್ಷ ತುಂಡು ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟೇ ಇತ್ತು. ಅಷ್ಟಿದ್ದರೆ ಹಸು ಆರಿಸಲೂ ಆಗದು, ಅಗಿಯದೆ ನುಂಗಲೂ ಆಗದು. ಈ ಲೆಕ್ಕ ಅವಳಿಗೆ ಹೇಳಿಕೊಟ್ಟವನೇ ಅವನು. ಈಗ ಅದೇ ಬಾಯಲ್ಲಿ ಬೇರೆ ಮಾತು ಆಡುತ್ತಿದ್ದ, ಅದೂ ಅವಳ ಮುಖ ನೋಡದೆ.

ಸಂಜೆ ಹಾಲಿನ ಕ್ಯಾನು ಹೊತ್ತು ಡೈರಿಗೆ ಹೋದಳು. ಅಲ್ಲಿ ಹಾಲು ಅಳೆದು ಪರೀಕ್ಷೆ ಮಾಡುವವನು ಅವಳ ಸ್ವಂತ ತಮ್ಮ. ದಪ್ಪ ಮೈ, ಬಾಯಿ ಮೈಗಿಂತ ದೊಡ್ಡದು. ಮೆಷಿನ್ನಿಗೆ ಹಾಲಿನ ಸ್ಯಾಂಪಲ್ ಕೊಟ್ಟು, ಮೇಲೆ ಮೂಡಿದ ಅಂಕಿ ನೋಡಿ ಹುಬ್ಬೇರಿಸಿದ.

"ಅಕ್ಕಾ, ಫ್ಯಾಟ್ ಮತ್ತೆ ಇಳಿದಿದೆ. ಹಸುಗೆ ಡಯಟ್ ಮಾಡಿಸ್ತಿದ್ದೀಯಾ? ನನಗೂ ಸ್ವಲ್ಪ ಹೇಳ್ಕೊಡು."

"ನೀರು ಸೇರಿಸಿದೀನಾ ಅಂತ ಕೇಳೋದು ತಾನೇ ನಿನ್ನ ಮನಸ್ಸಲ್ಲಿರೋದು?"

"ಛೆ, ನೀರು ಹಾಕಿದ್ರೆ ಹಾಲಿನ ಗಟ್ಟಿ ತೋರ್ಸೋ ಇನ್ನೊಂದು ಅಂಕಿನೂ ಇಳಿಯುತ್ತೆ. ಅದು ಸರಿಯಾಗಿದೆ." ತಮಾಷೆ ಬಿಟ್ಟು ದನಿ ತಗ್ಗಿಸಿದ. "ಮೇವು ಬದಲಾಯಿಸಿದ್ರಾ? ಮೆಲುಕು ಕಮ್ಮಿ ಆದ್ರೆ ಹೀಗೇ ಆಗೋದು. ತುಂಡು ತೀರಾ ಸಣ್ಣ ಮಾಡಿದ್ರೆ ಹೊಟ್ಟೇಲಿ ಹುಳಿ ಆಗುತ್ತೆ. ನಾಳೆ ಹಸುಗಳು ಒಂದೊಂದಾಗಿ ಮೇವು ಬಿಟ್ಟು ಕೂತ್ರೆ ಆಗ ನನ್ನ ಹತ್ರ ಬಂದು ಅಳ್ಬೇಡ."

ಮರುದಿನ ಗಂಡ ಮೇವು ತರಲು ಹೊಲಕ್ಕೆ ಹೋದಾಗ ಅವಳು ಚಪ್ಪರದೊಳಕ್ಕೆ ಹೋದಳು. ಮೇನ್ ಸ್ವಿಚ್ ಆಫ್ ಆಗಿರುವುದನ್ನು ನೋಡಿಕೊಂಡು ಪಕ್ಕದ ತಗಡಿನ ಮುಚ್ಚಳ ತೆಗೆದಳು. ಮೆಷಿನ್ನಿನ ಒಳಮರ್ಮ ಅಂಥ ಕಷ್ಟದ್ದೇನೂ ಅಲ್ಲ. ಬ್ಲೇಡು ಕೂತ ದೊಡ್ಡ ಚಕ್ರ ಯಾವಾಗಲೂ ಒಂದೇ ವೇಗದಲ್ಲಿ ತಿರುಗುತ್ತದೆ. ಅದರ ಮುಂದಿರುವ ಎರಡು ಹಲ್ಲಿನ ರೋಲರ್‌ಗಳು ಮೇವನ್ನು ಒಳಗೆ ಎಳೆಯುತ್ತವೆ. ರೋಲರ್ ಬೇಗ ಎಳೆದರೆ ತುಂಡು ಉದ್ದ, ನಿಧಾನ ಎಳೆದರೆ ತುಂಡು ಚಿಕ್ಕದು. ಬೇಗವೋ ನಿಧಾನವೋ ಎನ್ನುವುದನ್ನು ಪಕ್ಕದ ಗೇರು ತೀರ್ಮಾನಿಸುತ್ತದೆ. ಅಲ್ಲಿ ದೊಡ್ಡದರ ಜಾಗದಲ್ಲಿ ಚಿಕ್ಕ ಗೇರು ಕೂತಿತ್ತು. ದೊಡ್ಡದು ಎಣ್ಣೆಬಟ್ಟೆಯಲ್ಲಿ ಸುತ್ತಿಕೊಂಡು ಅಟ್ಟದ ಮೇಲಿತ್ತು, ಡಬ್ಬಗಳ ಹಿಂದೆ. ಬಚ್ಚಿಟ್ಟ ಹಾಗೆ.

ಹಲ್ಲಿಲ್ಲದ ಹಸುವಿಗಾಗಿ ಗೇರು ಬದಲಿಸಿದವನು ಹಳೆಯ ಗೇರನ್ನು ಯಾಕೆ ಬಚ್ಚಿಡಬೇಕು?

ಉತ್ತರ ಅವಳಿಗೆ ಅಲ್ಲೇ ಹೊಳೆಯಲಿಲ್ಲ. ಅವನು ವಾಪಸು ಬಂದು ಮೋಟಾರು ಹಾಕಿದ ಮೇಲೆ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದಳು. ಅವನು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಪದ್ಯಗಳನ್ನು ರಾಗವಾಗಿ ಹೇಳುತ್ತ ಮೇವು ಕೊಡುವವನು. ಒಂದು ಕಂತೆಗೆ ಒಂದು ಸಾಲು; ರೋಲರ್ ಕಂತೆಯನ್ನು ಕಚ್ಚಿ ಜಗ್ಗಿದ್ದು ಬೆರಳಿಗೆ ತಿಳಿದೊಡನೆ ಕೈ ಬಿಡುತ್ತಿದ್ದ, ಸಾಲು ಮುಗಿಯುತ್ತಿತ್ತು. ಕಣ್ಣು ಎಲ್ಲೋ ಬೇಲಿಯಾಚೆಗಿರುತ್ತಿತ್ತು. ಈಗ ಅವನ ಬಾಯಿಗೆ ಬೀಗ ಬಿದ್ದಿತ್ತು. ಕುತ್ತಿಗೆ ಮುಂದಕ್ಕೆ ಚಾಚಿ, ಕಣ್ಣಲ್ಲಿ ಕಣ್ಣಿಟ್ಟು ತನ್ನ ಕೈಯನ್ನೇ ನೋಡುತ್ತಿದ್ದ. ಕಂತೆ ಹೋದ ಮೇಲೂ ಕೈ ಒಂದು ಗಳಿಗೆ ಅಲ್ಲೇ ಉಳಿಯುತ್ತಿತ್ತು. ಬಿಟ್ಟಿದ್ದೇನೆಯೋ ಇಲ್ಲವೋ ಎಂದು ಆ ಕೈ ಅವನನ್ನೇ ಕೇಳುವಂತಿತ್ತು.

ಅವನು ಚಹಾಕ್ಕೆ ಬಂದಾಗ ಅವಳು ಒಲೆಯಿಂದ ಆಗಷ್ಟೇ ಇಳಿಸಿದ್ದನ್ನು ಸ್ಟೀಲಿನ ಲೋಟಕ್ಕೆ ಬಗ್ಗಿಸಿಟ್ಟು, ಹಿಡಿಯಲು ಬಟ್ಟೆ ತರಲು ತಿರುಗಿದಳು. ಬಟ್ಟೆ ತರುವಷ್ಟರಲ್ಲಿ ಅವನು ಲೋಟವನ್ನು ಬರಿಗೈಯಲ್ಲಿ ಅಪ್ಪಿ ಹಿಡಿದು ಊದುತ್ತ ಕೂತಿದ್ದ.

"ಸುಡಲ್ವಾ?"

"ಏನು?"

"ಲೋಟ."

ಅವನು ಲೋಟ ನೋಡಿದ, ಅವಳ ಮುಖ ನೋಡಿದ, ಮೆಲ್ಲಗೆ ನೆಲದ ಮೇಲಿಟ್ಟ. "ಅಷ್ಟೇನಿಲ್ಲ," ಎಂದ. ಅವನ ಬೆರಳ ತುದಿಗಳು ಕೆಂಪಾಗಿದ್ದವು. ಹೆಬ್ಬೆರಳಿನ ಮೇಲೆ ಹಳೆಯ ಬೊಬ್ಬೆಯೊಂದು ಒಣಗಿತ್ತು. ಅದು ಯಾವಾಗ ಆದದ್ದೆಂದು ಅವಳಿಗೆ ಗೊತ್ತಿರಲಿಲ್ಲ.

ಸಕ್ಕರೆ ಕಾಯಿಲೆ ಅವನಿಗೆ ಹಳೆಯದು. ಬೆರಳು ಜೋಮು ಹಿಡಿಯುತ್ತದೆ ಎಂದು ಒಂದೆರಡು ಸಲ ಹೇಳಿ ಆಮೇಲೆ ಹೇಳುವುದನ್ನೇ ಬಿಟ್ಟಿದ್ದ. ಜೋಮು ಬಿಟ್ಟಿತು ಎಂದು ಅವಳು ತಿಳಿದಿದ್ದಳು. ಬಿಟ್ಟದ್ದು ಜೋಮಲ್ಲ. ಮೇವಿನ ಜಗ್ಗಾಟ ಅವನ ಬೆರಳಿಗೆ ತಿಳಿಯುತ್ತಿಲ್ಲ. ಹಾಗಾಗಿ ರೋಲರ್ ನಿಧಾನ ಎಳೆಯಲಿ, ಕಣ್ಣಾದರೂ ನೋಡಿಕೊಳ್ಳಲಿ ಎಂದು ಚಿಕ್ಕ ಗೇರು ಹಾಕಿದ್ದಾನೆ. ತನ್ನ ಕೈ ಉಳಿಸಿಕೊಳ್ಳಲು ಹಸುಗಳ ಮೆಲುಕು ನಿಲ್ಲಿಸಿದ್ದಾನೆ. ಹಾಗೆ ಮಾಡಿದರೂ ಕೈ ಉಳಿಯುವ ಭರವಸೆಯಿಲ್ಲ, ನಿಧಾನ ಎಳೆಯುವ ರೋಲರ್ ಕೂಡ ಎಳೆಯುತ್ತದೆಯೇ ಹೊರತು ಬಿಡುವುದಿಲ್ಲ.

ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮೆಷಿನ್ನಿನ ಮುಂದಿನಿಂದ ಅವನನ್ನು ಸರಿಸುವುದೆಂದರೆ ಮನೆಯ ಹೊಸ್ತಿಲಿನಿಂದಲೇ ಸರಿಸಿದಂತೆ ಎಂದು ಅವಳಿಗೆ ತಿಳಿದಿತ್ತು. ಅಂದಿನಿಂದ ಅವನು ಮೋಟಾರು ಹಾಕಿದಾಗಲೆಲ್ಲ ಏನಾದರೊಂದು ನೆಪ ಮಾಡಿ ಲಿವರಿನ ಪಕ್ಕ ಬಂದು ನಿಲ್ಲತೊಡಗಿದಳು. ಲಿವರ್ ಮುಂದಿದ್ದರೆ ರೋಲರ್ ಎಳೆಯುತ್ತದೆ, ನಡುವೆ ತಂದರೆ ನಿಲ್ಲುತ್ತದೆ, ಹಿಂದಕ್ಕೆ ತಳ್ಳಿದರೆ ಮೇವನ್ನು ಹೊರಗೆ ಕಕ್ಕುತ್ತದೆ.

"ಮೇವು ಗುಡ್ಡೆ ಬಿದ್ದಿರೋದು ಆ ಕಡೆ. ನೀನ್ಯಾಕೆ ನನ್ನ ಪಕ್ಕ ಕಾವಲಿಗೆ ನಿಂತಿದ್ದೀಯಾ?"

"ಬಿಸಿಲು ಕಣ್ರೀ ಆ ಕಡೆ."

"ಚಪ್ಪರದೊಳಗೆ ಎಲ್ಲಿಂದ ಬಂತೇ ಬಿಸಿಲು?"

ಅವಳು ಜಾಗ ಬಿಡಲಿಲ್ಲ. ಆದರೆ ದಿನವೂ ಹೀಗೆ ನಿಲ್ಲಲು ಅವಳಿಗೆ ಬೇರೆ ಕೆಲಸವಿಲ್ಲವೇ? ಡೈರಿಯಲ್ಲಿ ತಮ್ಮನ ಹತ್ತಿರ ಹೇಳಿಕೊಂಡಳು.

"ನಿಮ್ಮ ಭಾವನ ಕೈ ಸ್ವಾಧೀನದಲ್ಲಿಲ್ಲ ಕಣೋ. ಏನಾದ್ರೂ ಆಗೋ ಮುಂಚೆ ನೀನಾದ್ರೂ ಒಂದು ಮಾತು ಹೇಳು. ನಾನು ಹೇಳಿದ್ರೆ ಮೂಗಿನ ತುದೀಲಿ ಕೋಪ."

"ನೀನು ಚಿಂತೆ ಬಿಡಕ್ಕಾ. ಭಾವನ ಕೈಗೆ ನಾನು ಇನ್ಶೂರೆನ್ಸ್ ಮಾಡಿಸ್ತೀನಿ," ಎಂದ ತಮ್ಮ.

ಇನ್ಶೂರೆನ್ಸ್ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬಂತು. ಮರುದಿನ ಬೆಳಿಗ್ಗೆ ಹಾಲಿನ ಸರದಿ ಮುಗಿಸಿ ನೇರ ಚಪ್ಪರಕ್ಕೆ ಬಂದವನು ಚೀಲದಿಂದ ಒಂದು ಜೊತೆ ದಪ್ಪ ಗ್ಲೌಸು ತೆಗೆದ. ಕಬ್ಬಿಣ ಕೆಲಸದವರು ಹಾಕುವಂಥವು.

"ತಗೊಳ್ಳಿ ಭಾವ. ಇದನ್ನ ಹಾಕ್ಕೊಂಡ್ರೆ ಹುಲಿ ಬಾಯಿಗೂ ಕೈ ಹಾಕ್ಬಹುದು."

ಅವಳು ಗಂಡನ ಮುಖ ನೋಡಿದಳು. ಅಂಗಿಯ ತೋಳಿನ ಗುಂಡಿ ಬಿಚ್ಚಿದ್ದಕ್ಕೆ ಜನರನ್ನು ಬೈದು ಓಡಿಸಿದವನು ಈ ಗ್ಲೌಸನ್ನು ಬೇಲಿಯಾಚೆ ಎಸೆಯುತ್ತಾನೆ ಎಂದುಕೊಂಡಿದ್ದಳು. ಅವನು ತಿರುಗಿಸಿ ಮುರುಗಿಸಿ ನೋಡಿದ. ಒಂದೊಂದೇ ಬೆರಳು ತೂರಿಸಿ ಹಾಕಿಕೊಂಡ. ದೊಡ್ಡದಾಗಿದ್ದವು, ಬೆರಳುಗಳ ತುದಿ ಖಾಲಿಯಾಗಿ ಜೋತಿತ್ತು.

"ಅದು ಬೇಡ ಕಣ್ರೀ."

"ಇರ್ಲಿ ಬಿಡೇ. ಹುಡುಗ ಪ್ರೀತಿಯಿಂದ ತಂದಿದ್ದಾನೆ."

ಇಷ್ಟು ವರ್ಷ ಕಾಪಾಡಿಕೊಂಡು ಬಂದ ನಿಯಮವನ್ನು ಅವನೇ ಮುರಿಯುತ್ತಿದ್ದರೆ, ಅವನ ಹೆದರಿಕೆ ಅವಳು ಎಣಿಸಿದ್ದಕ್ಕಿಂತ ದೊಡ್ಡದಾಗಿರಬೇಕು. ಅವಳು ಲಿವರಿನ ಪಕ್ಕ ನಿಂತಳು. ಅವನು ಮೋಟಾರು ಹಾಕಿದ. ಚಕ್ರ ಗುಂಯ್ಗುಟ್ಟಿ ವೇಗ ಹಿಡಿಯಿತು.

ಮೇವು ಇಡುವ ತಗಡಿನ ದೋಣಿ ಆ ಹಳೆಯ ಮೆಷಿನ್ನಿನಲ್ಲಿ ಮೊಳದುದ್ದವೂ ಇರಲಿಲ್ಲ. ರೋಲರ್‌ಗಳ ಮೇಲೆ ಮುಚ್ಚಳವೂ ಇರಲಿಲ್ಲ. ಅವನು ಒಂದು ಕಂತೆ ಕೊಟ್ಟ. ಇನ್ನೊಂದು ಕೊಟ್ಟ. ತಮ್ಮ ಸ್ವಿಚ್ ಬೋರ್ಡಿನ ಹತ್ತಿರ ನಿಂತು, ಡೈರಿಗೆ ಯಾರೋ ಕ್ಯಾನಿನ ತಳದಲ್ಲಿ ಕಪ್ಪೆ ತಂದ ಕತೆ ಕೂಗಿ ಹೇಳುತ್ತಿದ್ದ.

"ಕಪ್ಪೆಗೆ ಫ್ಯಾಟ್ ಎಷ್ಟು ಬರುತ್ತೆ ನೋಡೋಣ ಅಂದೆ ಭಾವ, ಆಯಪ್ಪ—"

ಗಂಡ ನಕ್ಕು ಅವನ ಕಡೆ ತಿರುಗಿದ. ಅಷ್ಟರಲ್ಲಿ ಕಂತೆಯ ಬಾಲ ದೋಣಿ ದಾಟಿತ್ತು. ಗ್ಲೌಸಿನ ಜೋತ ತುದಿ ಒಂದು ದಂಟಿನ ಗೆಣ್ಣಿಗೆ ಸಿಕ್ಕಿಕೊಂಡು ಅದರ ಜೊತೆ ಹೊರಟಿತ್ತು. ಅವನಿಗೆ ಗೊತ್ತಾಗಲಿಲ್ಲ. ಅವನು ಇನ್ನೂ ನಗುತ್ತಿದ್ದ. ಹಲ್ಲಿನ ರೋಲರ್ ಗ್ಲೌಸಿನ ಬೆರಳನ್ನು ಕಚ್ಚಿತು, ಮಣಿಕಟ್ಟು ಮುಂದಕ್ಕೆ ಜಗ್ಗಿತು, ಆಗ ಅವನು ತಲೆ ತಿರುಗಿಸಿದ.

ಅವಳು ಆಗಲೇ ಎರಡೂ ಕೈಯಿಂದ ಲಿವರನ್ನು ಹಿಂದಕ್ಕೆ ತಳ್ಳಿದ್ದಳು. ರೋಲರ್ ಒಮ್ಮೆ ಗಕ್ಕನೆ ನಿಂತು ಹಿಮ್ಮುಖ ತಿರುಗಿತು. ದಂಟು ಹೊರಬಂತು, ಜೊತೆಗೆ ಗ್ಲೌಸು ಬಂತು. ಅವನು ಕೈ ಕಿತ್ತುಕೊಂಡು ಎರಡು ಹೆಜ್ಜೆ ಹಿಂದೆ ಸರಿದು ಮೇವಿನ ಕಂತೆಗಳ ಮೇಲೆ ಕೂತುಬಿಟ್ಟ. ತಮ್ಮ ಸ್ವಿಚ್ ಆಫ್ ಮಾಡಿದ. ಸ್ವಿಚ್ ಆಫಾದರೂ ದೊಡ್ಡ ಚಕ್ರ ತನ್ನ ಭಾರಕ್ಕೆ ತಾನು ತಿರುಗುತ್ತಲೇ ಇತ್ತು. ಬರೀ ಸ್ವಿಚ್ಚನ್ನೇ ನಂಬಿದ್ದರೆ ಏನಾಗುತ್ತಿತ್ತೆಂದು ಮೂವರೂ ಆ ಚಕ್ರ ನೋಡುತ್ತ ಲೆಕ್ಕ ಹಾಕಿದರು.

ಅವಳು ಗಂಡನ ಕೈಯಿಂದ ಗ್ಲೌಸು ಎಳೆದು ತೆಗೆದಳು. ಬೆರಳು ಐದೂ ಇದ್ದವು. ನಡುಬೆರಳಿನ ಉಗುರ ಬುಡದಲ್ಲಿ ಸಣ್ಣ ತರಚು ಗಾಯ. ಗ್ಲೌಸಿನ ಖಾಲಿ ತುದಿಯ ಮೇಲೆ ರೋಲರಿನ ಹಲ್ಲುಗಳ ಗುರುತು ಸಾಲಾಗಿ ಮೂಡಿತ್ತು.

ತಮ್ಮ ಬೆವರೊರೆಸಿಕೊಂಡ. "ದೇವರು ದೊಡ್ಡೋನು. ಗ್ಲೌಸ್ ಇದ್ದಿದ್ದಕ್ಕೆ ಬೆರಳು ಉಳೀತು ಭಾವ."

"ಗ್ಲೌಸ್ ಇದ್ದಿದ್ದಕ್ಕೇ ಸಿಕ್ಕಿಕೊಂಡಿದ್ದು ಕಣೋ, ಪೆದ್ದ," ಎಂದಳು ಅವಳು. "ಬರಿಗೈ ಆಗಿದ್ರೆ ದಂಟು ಜಾರಿ ಹೋಗ್ತಿತ್ತು. ಇದು ಕಬ್ಬಿಣ ಹೊರೋರಿಗೆ ಸರಿ. ತಿರುಗೋ ಮೆಷಿನ್ನಿನ ಮುಂದೆ ಗ್ಲೌಸು, ಸಡಿಲ ತೋಳು, ಬಳೆ ಎಲ್ಲ ಒಂದೇ. ಒಂದ್ಸಲ ಸಿಕ್ಕಿದ್ರೆ ಮೆಷಿನ್ನು ಬಿಡು ಅಂದ್ರೂ ಬಿಡಲ್ಲ."

ತಮ್ಮ ಗ್ಲೌಸಿನ ಜೊತೆಯನ್ನು ಚೀಲಕ್ಕೆ ತುರುಕಿಕೊಂಡು ಅಂಗಳದ ಕಲ್ಲಿನ ಮೇಲೆ ಹೋಗಿ ಕೂತ.

ಗಂಡ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

"ದೊಡ್ಡ ಗೇರು ಇದ್ದಿದ್ರೆ ಇಷ್ಟರಲ್ಲಿ ಮಣಿಕಟ್ಟು ಹೋಗಿರ್ತಿತ್ತು," ಎಂದ.

"ಗೊತ್ತು."

"ಏನು ಗೊತ್ತು?"

"ಅಟ್ಟದ ಮೇಲೆ ಬಚ್ಚಿಟ್ಟಿರೋದು ಗೊತ್ತು. ಯಾಕೆ ಅಂತಾನೂ ಗೊತ್ತು."

ಅವನು ಒಂದು ದಂಟು ಎತ್ತಿಕೊಂಡು ಎರಡು ಬೆರಳ ನಡುವೆ ಹೊರಳಿಸಿದ. "ಕಣ್ಣು ಮುಚ್ಚಿದ್ರೆ ಇದು ಕೈಯಲ್ಲಿದೆಯೋ ಇಲ್ವೋ ನಂಗೆ ತಿಳಿಯಲ್ಲ ಕಣೇ. ಗ್ಲೌಸು ಹಾಕ್ಕೊಂಡಾಗ್ಲೂ ಅಷ್ಟೇ, ತೆಗೆದಾಗ್ಲೂ ಅಷ್ಟೇ. ಅದಕ್ಕೇ ಹಾಕ್ಕೊಂಡೆ. ಏನು ವ್ಯತ್ಯಾಸ ಅಂತ."

"ಹಾಗಿದ್ರೆ ನಂಗೆ ಒಂದು ಮಾತು ಹೇಳ್ಬಾರ್ದಾ?"

"ಹೇಳಿದ್ರೆ ನೀನು ಸರಿ ಅಂತೀಯಾ, ಬೇರೆ ಯಾರನ್ನೋ ಕರೆಸ್ತೀಯಾ. ಆಮೇಲೆ ನಾನೇನು ಮಾಡ್ಲಿ? ಮುದುಕಿ ಪಕ್ಕ ಮಲಗ್ಲಾ?"

"ಮುದುಕಿ ಒದೀತಾಳೆ," ಎಂದಳು. ಇಬ್ಬರೂ ನಗಲಿಲ್ಲ, ಆದರೆ ಅವನ ಹೆಗಲು ಸ್ವಲ್ಪ ಇಳಿಯಿತು. "ಯಾರನ್ನೂ ಕರೆಸಲ್ಲ. ನಾನು ಮೇವು ಕೊಡ್ತೀನಿ. ನೀವು ಲಿವರ್ ಹಿಡ್ಕೊಳ್ಳಿ. ಅದನ್ನ ತಳ್ಳೋಕೆ ಅಂಗೈ ಸಾಕು, ಬೆರಳು ಬೇಡ. ನಿಮ್ಮ ಕಣ್ಣು, ಕಿವಿ ಎರಡೂ ಗಟ್ಟಿ ಇದಾವೆ."

"ನಿಂಗೆ ಬರಲ್ಲ ಅದು."

"ಕಲಿಸಿ. ಬಳೆ ತೆಗೆಸೋಕೆ ಒಂದು ವರ್ಷ ಜಗಳ ಆಡಿದೋರು ಇದನ್ನ ಕಲಿಸೋಕೆ ಆಗಲ್ವಾ?"

ಆ ದಿನ ಮೇವನ್ನು ಕುಡುಗೋಲಿನಿಂದ ಕಡಿದು ಹಾಕಿದರು. ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಅವನ ಬೆರಳುಗಳಿಗೆ ಹತ್ತಿ ಮುಟ್ಟಿಸಿ, ಪಿನ್ನು ಮುಟ್ಟಿಸಿ ನೋಡಿ, ಮಾತ್ರೆ ಬದಲಿಸಿ, ಹೋದ ಸ್ಪರ್ಶ ಪೂರ್ತಿ ಮರಳುತ್ತದೆ ಎಂದು ಹೇಳಲಾರೆ ಎಂದರು. ಪಾದಗಳನ್ನೂ ದಿನಾ ನೋಡಿಕೊಳ್ಳಿ ಎಂದರು. ವೆಲ್ಡಿಂಗಿನವನು ಬಂದು ದೋಣಿಯನ್ನು ತೋಳಿಗಿಂತ ಉದ್ದ ಮಾಡಿ, ರೋಲರಿನ ಕಡೆಯ ಅರ್ಧಕ್ಕೆ ತಗಡಿನ ಮುಚ್ಚಳ ಕೂರಿಸಿದ. ಇನ್ನು ಬೇಕೆಂದರೂ ಕೈ ಅಲ್ಲಿಗೆ ಮುಟ್ಟದು. ಬ್ಲೇಡುಗಳನ್ನು ಸಾಣೆ ಹಿಡಿಸಿದ್ದಾಯಿತು, ಮೊಂಡು ಬ್ಲೇಡು ಕಡಿಯದೆ ಎಳೆದಾಡಿ ಮೇವು ಸಿಕ್ಕಿಸುತ್ತದೆ. ಅಟ್ಟದಿಂದ ದೊಡ್ಡ ಗೇರನ್ನು ಅವನೇ ಇಳಿಸಿದ. ನಟ್ಟು ಅವನ ಬೆರಳಿಂದ ಜಾರಿದಾಗ ಅವಳು ಎತ್ತಿಕೊಟ್ಟಳು.

ಮೊದಲ ದಿನ ಅವಳು ಕೊಟ್ಟ ಕಂತೆ ಒಮ್ಮೆ ತೆಳ್ಳಗೆ, ಒಮ್ಮೆ ತೋಳಿನಷ್ಟು ದಪ್ಪ.

"ಅದೇನು ಕಂತೆನಾ, ದಿಂಬಾ?" ಎಂದು ಅವನು ಲಿವರಿನ ಕಡೆಯಿಂದ ಕೂಗಿದ. "ಕಮ್ಮಿ ಹಿಡಿ. ಬುಡ ಮುಂದೆ. ಮುಚ್ಚಳದ ಅಂಚಿಗೆ ಬಂದ ಕೂಡ್ಲೇ ಬಿಟ್ಟುಬಿಡು. ಕೊನೇ ಕಡ್ಡೀನ ಕೈಯಿಂದ ತಳ್ಳಬೇಡ, ಮುಂದಿನ ಕಂತೆ ಅದನ್ನ ತಳ್ಳುತ್ತೆ."

"ಬಿಟ್ಟೆ ಕಣ್ರೀ."

"ಬಿಟ್ಟಿಲ್ಲ, ನಾನು ನೋಡ್ತಾ ಇದೀನಿ."

ಕೆಳಗೆ ಬಿದ್ದ ತುಂಡು ಹೆಬ್ಬೆರಳ ಗೆಣ್ಣಿನಷ್ಟಿತ್ತು. ಮುದುಕಿಗೆಂದು ಎಲೆ ತುಂಬಿದ ಮೆತ್ತನೆಯ ತುದಿಗಳನ್ನು ಬೇರೆ ತೆಗೆದಿಟ್ಟರು. ಒಂದೆರಡು ವಾರದಲ್ಲಿ ಕೊಟ್ಟಿಗೆಯ ಸಗಣಿ ಗಟ್ಟಿಯಾಯಿತು. ಹಾಲಿನ ಅಂಕಿ ಹತ್ತತೊಡಗಿತು. ತಮ್ಮ ಅದನ್ನು ತನ್ನದೇ ಸಾಧನೆಯಂತೆ ಡೈರಿಯಲ್ಲಿ ಹೇಳಿಕೊಂಡು ತಿರುಗಿದ.

ಒಂದು ಬೆಳಿಗ್ಗೆ ಅವಳು ಅವಸರದಲ್ಲಿದ್ದಳು. ಒಂದು ಹಸುವನ್ನು ಇನ್ನೂ ಕರೆದಿರಲಿಲ್ಲ, ಡೈರಿಯ ಹೊತ್ತು ಮೀರುತ್ತಿತ್ತು. ಎರಡು ಕಂತೆ ಸೇರಿಸಿ ಒಮ್ಮೆಲೇ ತಳ್ಳಿದಳು. ರೋಲರ್ ನರಳಿತು, ಮೇವು ಬಾಯಲ್ಲಿ ಗಂಟಾಗಿ ನಿಂತಿತು. ಅವನು ಮೊಣಕೈಯಿಂದ ಲಿವರನ್ನು ಹಿಂದಕ್ಕೆ ತಳ್ಳಿದ. ಗಂಟು ಅರ್ಧ ಬಂದು ಮತ್ತೆ ಸಿಕ್ಕಿತು. ಅವನು ಲಿವರನ್ನು ನಡುವಿಗೆ ತಂದು ಗೋಡೆಯವರೆಗೆ ಹೋಗಿ ಮೇನ್ ಸ್ವಿಚ್ ಇಳಿಸಿದ. ಮೋಟಾರಿನ ಸದ್ದು ನಿಂತಿತು.

ಅವಳು ಮುಚ್ಚಳ ಎತ್ತಿ ಕೈ ಮುಂದೆ ಚಾಚಿದಳು.

"ಏಯ್!"

ಇಷ್ಟು ವರ್ಷದಲ್ಲಿ ಅವನು ಅವಳ ಮೇಲೆ ಅಷ್ಟು ಜೋರಾಗಿ ಕೂಗಿದ್ದಿಲ್ಲ. ಕೊಟ್ಟಿಗೆಯಲ್ಲಿ ಹಸುವೊಂದು ಎದ್ದು ನಿಂತಿತು.

"ಆಫ್ ಮಾಡಿದ್ರಲ್ಲ?"

"ಮೋಟಾರಿಗೆ ಆಫ್ ಮಾಡಿದೆ. ಚಕ್ರಕ್ಕೆ ಯಾರು ಹೇಳಿದ್ರು? ನೋಡು ಅದನ್ನ."

ಬ್ಲೇಡುಗಳು ತಿರುಗುತ್ತಿದ್ದವು. ಸದ್ದಿಲ್ಲದೆ ತಿರುಗುವಾಗ ಅವು ಬ್ಲೇಡಿನಂತೆಯೇ ಕಾಣುತ್ತಿರಲಿಲ್ಲ. ಬಿಳಿಯ ತೆಳು ಮಬ್ಬಿನಂತೆ ಕಾಣುತ್ತಿದ್ದವು.

"ಹೊತ್ತಾಗುತ್ತೆ ಕಣ್ರೀ."

"ಆಗ್ಲಿ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಅವನು ನಿಂತ ಚಕ್ರ ಮತ್ತೆ ತಿರುಗದಂತೆ ತಡೆಯುವ ಕಬ್ಬಿಣದ ಸರಳನ್ನು ಅಂಗೈಯಲ್ಲಿ ಭದ್ರವಾಗಿ ಹಿಡಿದುಕೊಂಡು ಪಕ್ಕಕ್ಕೆ ಬಂದು ನಿಂತ. ಚಕ್ರ ಪೂರ್ತಿ ನಿಂತ ಮೇಲಷ್ಟೇ ಅದರ ತೂತಿಗೆ ಸರಳು ಹಾಕಬೇಕು, ಆಮೇಲೆ ಕೈ ಹೋಗಬೇಕು. ಮಬ್ಬು ಒಡೆದು ಎರಡು ಬ್ಲೇಡುಗಳಾದವು. ಬ್ಲೇಡುಗಳ ಮೇಲಿನ ಹಸಿರು ಕಲೆ ಕಾಣಿಸಿತು. ಅವಳು ಮತ್ತೆ ಮುಂದೆ ಬಾಗುತ್ತಿದ್ದಂತೆ ಅವನು ಮೊಣಕೈ ಅಡ್ಡ ಇಟ್ಟ.

"ಇನ್ನೂ ಇಲ್ಲ," ಎಂದ.

ಇಬ್ಬರೂ ನಿಂತು ನೋಡಿದರು.